ಭಾಗಿಸೋದು ಯಾವುದರಿಂದ? ಒಂದು ಪುರಸಭೆಯ ಕಸದ ಡ್ಯಾಶ್‌ಬೋರ್ಡ್ ಕಟ್ಟಿದ ಪ್ರಕರಣ

ಹಾಸನ ಜಿಲ್ಲೆಯ ತೆಂಗಿನ ಸೀಮೆಯಲ್ಲಿ ಒಂದು ಪುರಸಭೆ. 23 ವಾರ್ಡು, ಸುಮಾರು 28 ಸಾವಿರ ಜನ, ಏಳು ಆಟೋ ಟಿಪ್ಪರ್, ಊರಾಚೆ ಒಂದು ಕಸದ ಘಟಕ. ಊರಿನ ಹೆಸರು ಬೇಡ. ಅಂಕಿಗಳನ್ನೂ ಲೆಕ್ಕಕ್ಕೆ ಸುಲಭವಾಗಲಿ ಅಂತ ದುಂಡು ಮಾಡಿದ್ದೇನೆ.

ಮುಖ್ಯಾಧಿಕಾರಿ ಮೇಡಂ ಕರೆದದ್ದು ಒಂದು ಸಣ್ಣ ಕೆಲಸಕ್ಕೆ. ಮೂರು ಅಂಕಿಗಳನ್ನು ಚೆಂದದ ಒಂದು ಪುಟದಲ್ಲಿ ತೋರಿಸಬೇಕು, ಅಷ್ಟೇ. ಮನೆಮನೆ ಸಂಗ್ರಹ ಶೇಕಡಾ 100, ವಿಂಗಡಣೆ 80, ಸಂಸ್ಕರಣೆ 100. "ಅಂಕಿ ಎಲ್ಲಾ ರೆಡಿ ಇದೆ, ನೀವು ಬಣ್ಣ ಹಾಕಿ ಕೊಡಿ" ಅಂದರು. ನಾನು ಕೇಳಿದ್ದು ಒಂದೇ ಪ್ರಶ್ನೆ. ಈ ನೂರು ಅನ್ನೋದು ಎಷ್ಟರಲ್ಲಿ ಎಷ್ಟು?

ಆರೋಗ್ಯ ನಿರೀಕ್ಷಕರು ರಿಜಿಸ್ಟರ್ ತಂದರು. ಟಿಪ್ಪರ್‌ಗಳ ರೂಟ್ ಪಟ್ಟಿಯಲ್ಲಿ 6,240 ಮನೆ-ಅಂಗಡಿ ಇದ್ದವು. 6,240ಕ್ಕೂ ಗಾಡಿ ಹೋಗುತ್ತದೆ, ಆದ್ದರಿಂದ 100. ಗಾಡಿ ಹೋಗುವ ಮನೆಗಳನ್ನು ಗಾಡಿ ಹೋಗುವ ಮನೆಗಳಿಂದಲೇ ಭಾಗಿಸಿದರೆ ಯಾವ ಊರಲ್ಲಾದರೂ ನೂರೇ ಬರಬೇಕು, ಅಲ್ವಾ?

ಹಾಗಾಗಿ ಬಣ್ಣದ ಕೆಲಸ ಪಕ್ಕಕ್ಕಿಟ್ಟು, ಮೊದಲು ಕೆಳಗಿನ ಸಂಖ್ಯೆ ಹುಡುಕಲು ಹೊರಟೆವು. ಆಸ್ತಿ ತೆರಿಗೆ ರಿಜಿಸ್ಟರ್‌ನಲ್ಲಿ 7,080 ಆಸ್ತಿಗಳಿದ್ದವು. ಇದು ಸರಿಯಾದ ಛೇದ ಅನ್ನಿಸುತ್ತದೆ, ಆದರೆ ಅಲ್ಲ. ಅದರಲ್ಲಿ ಖಾಲಿ ಸೈಟುಗಳೂ ಸೇರಿರುತ್ತವೆ. ಇನ್ನೊಂದು ಕಡೆ, ಕೆಳಗೆ ಅಂಗಡಿ, ಮೇಲೆ ಎರಡು ಬಾಡಿಗೆ ಮನೆ ಇರುವ ಕಟ್ಟಡ ಒಂದೇ ಖಾತೆಯಾಗಿ ಕೂತಿರುತ್ತದೆ. ಕಸ ಹುಟ್ಟೋದು ಖಾತೆಯಲ್ಲಿ ಅಲ್ಲ, ಒಲೆ ಉರಿಯುವ ಮನೆಯಲ್ಲಿ. ಪ್ರತಿ ವಾರ್ಡಿನ ಮೇಸ್ತ್ರಿ ಖಾತೆ ಪಟ್ಟಿ ಹಿಡಿದು ಬೀದಿ ನಡೆದರು. ಖಾಲಿ ಸೈಟು ಹೊಡೆದುಹಾಕಿದರು, ಮಹಡಿ ಮನೆ ಸೇರಿಸಿದರು. ಹನ್ನೆರಡು ದಿನ ಹಿಡಿಯಿತು. ಕೊನೆಗೆ ಸಿಕ್ಕಿದ್ದು 7,800 ಬಾಗಿಲು. ಮನೆ 6,650, ಅಂಗಡಿ ಹೋಟೆಲು ಇತ್ಯಾದಿ 1,150. ಈ ಇಡೀ ಕೆಲಸದಲ್ಲಿ ಜಾಸ್ತಿ ಬೆವರು ಹರಿದದ್ದು ಇಲ್ಲೇ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಮೇಲಿನ ಸಂಖ್ಯೆ ಹೇಗೆ? ಮನೆಗೊಂದು ಕ್ಯೂಆರ್ ಕೋಡ್ ಅಂಟಿಸಿ ಸ್ಕ್ಯಾನ್ ಮಾಡಿಸೋಣ ಅಂತ ಒಬ್ಬ ಸದಸ್ಯರು ಹೇಳಿದರು. ಚಾಲಕರೊಬ್ಬರು ನಕ್ಕು, "ಎಲ್ಲಾ ಕೋಡನ್ನೂ ಒಂದು ಹಾಳೆ ಮೇಲೆ ಅಂಟಿಸ್ಕೊಂಡ್ರೆ ಟೀ ಅಂಗಡೀಲಿ ಕೂತೇ ಮುಗಿಸಬಹುದು ಬಿಡಿ ಸಾರ್" ಅಂದರು. ತಮಾಷೆಗೆ ಹೇಳಿದ್ದು, ಆದರೆ ಅದೇ ನಿಜ. ಕೆಲಸ ಮಾಡುವವರೇ ತಮ್ಮ ಕೆಲಸದ ಅಂಕಿ ತುಂಬಿದರೆ ಅಂಕಿ ಅವರ ಕಡೆ ವಾಲುತ್ತದೆ. ಅದಕ್ಕೆ ನಾವು ಮನೆಯವರನ್ನೇ ಕೇಳೋದು ಅಂತ ತೀರ್ಮಾನ ಮಾಡಿದೆವು.

ಎಲ್ಲ 7,800 ಬಾಗಿಲು ತಟ್ಟೋದು ಬೇಕಿಲ್ಲ. ವಾರಕ್ಕೆ ವಾರ್ಡಿಗೆ ಹತ್ತು ಮನೆ, ಅಂದರೆ 230. ನಾಲ್ಕು ವಾರಕ್ಕೆ 920. ಯಾವ ಮನೆ ಅನ್ನೋದನ್ನು ಪಟ್ಟಿಯಿಂದ ಚೀಟಿ ಎತ್ತಿ ಆರಿಸುವುದು, ಮೇಸ್ತ್ರಿ ಇಷ್ಟಕ್ಕೆ ಬಿಡುವುದಲ್ಲ. ಪ್ರಶ್ನೆಯ ಮಾತೂ ಮುಖ್ಯ. "ಗಾಡಿ ದಿನಾ ಬರುತ್ತಾ?" ಅಂತ ಕೇಳಿದರೆ "ಹೂಂ, ಬರುತ್ತೆ" ಅಂತಾರೆ. ದಾಕ್ಷಿಣ್ಯ ನಮ್ಮ ಜನಕ್ಕೆ ಜಾಸ್ತಿ. "ನಿನ್ನೆ ನಿಮ್ಮ ಮನೆ ಕಸ ಗಾಡಿಗೆ ಹಾಕಿದ್ರಾ?" ಅಂತ ಕೇಳಿದರೆ ನೆನಪು ಮಾಡಿಕೊಂಡು ಹೇಳುತ್ತಾರೆ. ಮನೆಗೆ ಬೀಗ ಇದ್ದರೆ ಅದನ್ನು ಬಿಟ್ಟು ಪಕ್ಕದ ಮನೆಗೆ ಹೋಗುವಂತಿಲ್ಲ, ಸಂಜೆ ಮತ್ತೆ ಹೋಗಬೇಕು. ಬೆಳಿಗ್ಗೆ ಏಳಕ್ಕೇ ಬೀಗ ಹಾಕಿ ಹೊರಡುವ ಮನೆಗಳೇ ಗಾಡಿ ತಪ್ಪಿಸಿಕೊಳ್ಳುವ ಮನೆಗಳು. ಅವನ್ನು ಬಿಟ್ಟರೆ ಅಂಕಿ ಸುಮ್ನೆ ಮೇಲೇರುತ್ತದೆ.

ಮೊದಲ ತಿಂಗಳು 920ರಲ್ಲಿ 690 ಮನೆಯವರು ಹೌದು ಅಂದರು. ಶೇಕಡಾ 75.

ಮೇಡಂ ಮುಖ ಸಣ್ಣಗಾಯಿತು. ನಿಜ ಹೇಳಬೇಕೆಂದರೆ ನನಗೂ ಅಳುಕಿತ್ತು, ಸಮೀಕ್ಷೆಯೇ ತಪ್ಪಿದ್ದರೆ? ಅದನ್ನು ಪರೀಕ್ಷಿಸಲು ಬೇರೆ ದಾರಿಯಿಂದ ಬರಬೇಕಿತ್ತು, ತೂಕದ ದಾರಿಯಿಂದ.

ಪುರಸಭೆಯ ಲೆಕ್ಕದಲ್ಲಿ ದಿನಕ್ಕೆ ಹತ್ತೂವರೆ ಟನ್ ಕಸ ಬರುತ್ತಿತ್ತು. ಏಳು ಗಾಡಿ, ತಲಾ ಎರಡು ಟ್ರಿಪ್, ಟ್ರಿಪ್ಪಿಗೆ 750 ಕಿಲೋ. ಈ 750 ಎಲ್ಲಿಂದ ಬಂತು ಅಂದರೆ, ಗಾಡಿಯ ಕಾಗದದಲ್ಲಿ ಬರೆದ ಹೊರುವ ಸಾಮರ್ಥ್ಯ. ಘಟಕದಲ್ಲಿ ವೇಬ್ರಿಡ್ಜ್ ಇರಲಿಲ್ಲ. ಹತ್ತಿರದ ಖಾಸಗಿ ವೇಬ್ರಿಡ್ಜ್‌ನವರ ಜೊತೆ ಮಾತಾಡಿ ಏಳು ದಿನ ಸತತವಾಗಿ ಪ್ರತಿ ಟ್ರಿಪ್ಪನ್ನೂ ತೂಗಿಸಿದೆವು. ಖಾಲಿ ಗಾಡಿಯ ತೂಕವನ್ನೂ ಪ್ರತಿ ಗಾಡಿಗೆ ಬೇರೆಯಾಗಿ ತೆಗೆದುಕೊಂಡೆವು. ಏಳು ದಿನವೇ ಯಾಕೆ ಅಂದರೆ, ಸಂತೆಯ ಮರುದಿನ ಒಂದು ತರ ಕಸ, ಭಾನುವಾರದ ಬಾಡೂಟದ ಮರುದಿನ ಇನ್ನೊಂದು ತರ. ಎರಡು ದಿನ ತೂಗಿದರೆ ವಾರದ ಚಿತ್ರ ಸಿಗುವುದಿಲ್ಲ.

98 ಟ್ರಿಪ್, ಒಟ್ಟು 46.2 ಟನ್. ಟ್ರಿಪ್ಪಿಗೆ ಸರಾಸರಿ 470 ಕಿಲೋ, ದಿನಕ್ಕೆ 6.6 ಟನ್. ನಮ್ಮಂಥ ಸಣ್ಣ ಊರುಗಳಲ್ಲಿ ತಲೆಗೆ ದಿನಕ್ಕೆ 200ರಿಂದ 300 ಗ್ರಾಂ ಕಸ ಅನ್ನೋದು ಸಾಮಾನ್ಯವಾಗಿ ಬಳಸುವ ಅಂದಾಜು. ಅಂಗಡಿ, ಹೋಟೆಲು, ಛತ್ರ ಇರುವ ಊರು ಅಂತ ಮೇಲಿನ ತುದಿ ಹಿಡಿದರೆ 28 ಸಾವಿರ ಚಿಲ್ಲರೆ ಜನಕ್ಕೆ ದಿನಕ್ಕೆ 8.6 ಟನ್. ಅದರಲ್ಲಿ 6.6 ಅಂದರೆ ಶೇಕಡಾ 77. ಬಾಗಿಲು ತಟ್ಟಿ ಸಿಕ್ಕಿದ್ದು 75. ಒಂದಕ್ಕೊಂದು ಸಂಬಂಧವಿಲ್ಲದ ಎರಡು ದಾರಿ ಒಂದೇ ಕಡೆ ಬಂದು ನಿಂತಾಗ ನಂಬಬಹುದು. ತಲೆಗೆ 300 ಗ್ರಾಂ ಅನ್ನೋದು ಅಂದಾಜೇ, ಹಾಗಾಗಿ ಡ್ಯಾಶ್‌ಬೋರ್ಡಿಗೆ ಹಾಕಿದ್ದು 75ನ್ನು, ತೂಕದ ಅಂಕಿಯನ್ನು ತಾಳೆಗೆ ಮಾತ್ರ ಇಟ್ಟುಕೊಂಡೆವು.

ತೂಕವನ್ನೇ ಸೂಚಕ ಮಾಡಿಕೊಳ್ಳದಿರಲು ಇನ್ನೊಂದು ಕಾರಣ ಮಳೆ. ಜೂನ್-ಜುಲೈನಲ್ಲಿ ನೆನೆದ ಕಸ ತೂಕ ಜಾಸ್ತಿ ತೂಗುತ್ತದೆ. ಒಂದು ಮನೆಯೂ ಹೊಸದಾಗಿ ಸೇರದೆ ಟನ್ ಮಾತ್ರ ಏರುತ್ತದೆ.

ಇನ್ನು ವಿಂಗಡಣೆ. 80 ಅನ್ನೋ ಅಂಕಿ ಬಂದದ್ದು ಮೇಸ್ತ್ರಿಗಳ ಅಂದಾಜಿನಿಂದ. ಸಮೀಕ್ಷೆಯಲ್ಲಿ ನಾವು ಬಕೆಟ್ ತೋರಿಸಿ ಅಂತ ಕೇಳಿದೆವು. ಕಸ ಗಾಡಿಗೆ ಹಾಕುವ ಮನೆಗಳಲ್ಲಿ ಶೇಕಡಾ 64ರಲ್ಲಿ ಹಸಿ, ಒಣ ಬೇರೆ ಇತ್ತು. ತೀರಾ ಕೆಟ್ಟದ್ದೇನಲ್ಲ. ಆದರೆ ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2008ರಲ್ಲಿ ತಂದ ಸೇವಾ ಮಟ್ಟದ ಮಾನದಂಡಗಳನ್ನು ತೆಗೆದು ನೋಡಿದರೆ, ಅಲ್ಲಿ ವಿಂಗಡಣೆಯನ್ನು ಅಳೆಯುವುದು ಮನೆಯ ಬಾಗಿಲಲ್ಲಿ ಅಲ್ಲ. ಘಟಕಕ್ಕೆ ಬೇರೆಬೇರೆಯಾಗಿಯೇ ಬಂದು ತಲುಪಿದ ಕಸ ಎಷ್ಟು, ಒಟ್ಟು ಸಂಗ್ರಹಿಸಿದ ಕಸ ಎಷ್ಟು, ಇದು ಅಲ್ಲಿನ ಲೆಕ್ಕ. ಈ ವ್ಯತ್ಯಾಸ ಯಾಕೆ ಅಂತ ನನಗೆ ಪೂರ್ತಿ ಅರ್ಥವಾಗಿದ್ದು ಗಾಡಿ ಹತ್ತಿದ ಮೇಲೆ.

ಬೆಳಿಗ್ಗೆ ಆರೂಕಾಲು. ಹಾಡು ಹಾಕಿಕೊಂಡು ಟಿಪ್ಪರ್ ಹೊರಟಿತು. ಹಿಂದೆ ಮಧ್ಯಕ್ಕೆ ಒಂದು ತಗಡಿನ ತಡೆ, ಬಲಕ್ಕೆ ಹಸಿ, ಎಡಕ್ಕೆ ಒಣ, ಅರ್ಧಕ್ಕರ್ಧ. ಮೊದಲ ನಲವತ್ತು ಮನೆ ಸೊಗಸಾಗಿ ನಡೆಯಿತು. ಒಬ್ಬ ಅಜ್ಜಿ ಮಾತ್ರೆಯ ಹಾಳೆಯನ್ನು ಕೂಡ ಬೇರೆ ಕವರಿನಲ್ಲಿ ಕಟ್ಟಿ ಕೊಟ್ಟರು. ಏಳು ಗಂಟೆಗೆ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿ ಸಾಲು ಬಂತು. ನಾಲ್ಕು ರಟ್ಟಿನ ಡಬ್ಬ, ಒಂದು ಚೀಲ ಥರ್ಮಾಕೋಲು. ಒಣ ಭಾಗ ತುಂಬಿ ಮೇಲೇರಿತು. ಹಸಿ ಭಾಗ ಇನ್ನೂ ಮೊಣಕಾಲುದ್ದ. ಮುಂದಿನ ಮನೆಯಾಕೆ ಎರಡು ಬಕೆಟ್ ತಂದರು, ಚೊಕ್ಕವಾಗಿ ವಿಂಗಡಿಸಿದ್ದು. ಲೋಡರ್ ಅಕ್ಕ ಎರಡನ್ನೂ ಹಸಿ ಕಡೆಗೇ ಸುರಿದರು. ನಾನು ನೋಡುತ್ತಿರುವುದು ಗೊತ್ತಾಗಿ, "ಏನ್ ಮಾಡೋದು ಸಾರ್, ತಲೆ ಮೇಲ್ ಹೊತ್ಕೊಳ್ಳಾ?" ಅಂದರು. ಬಕೆಟ್ ಕೊಟ್ಟಾಕೆಯೂ ಇದನ್ನು ನೋಡುತ್ತಿದ್ದರು. ನಾಳೆಯಿಂದ ಅವರು ಯಾಕೆ ಬೇರೆ ಮಾಡಬೇಕು?

ಒಣ ಕಸ ತೂಕದಲ್ಲಿ ಕಡಿಮೆ, ಜಾಗ ತಿನ್ನುವುದರಲ್ಲಿ ಜಾಸ್ತಿ. ಗಾಡಿಯನ್ನು ಅರ್ಧಕ್ಕರ್ಧ ಮಾಡಿದವರು ಈ ಲೆಕ್ಕ ಹಾಕಿರಲಿಲ್ಲ.

ಹಾಗಾಗಿ ವಿಂಗಡಣೆಗೆ ಎರಡು ಅಂಕಿ ಇಟ್ಟೆವು. ಒಂದು ಬಾಗಿಲಲ್ಲಿ, ಒಂದು ಘಟಕದ ಗೇಟಿನಲ್ಲಿ. ಗೇಟಿನ ಪರೀಕ್ಷೆ ಸರಳ. ದಿನಕ್ಕೆ ಮೂರು ಗಾಡಿ, ಯಾವುದು ಅಂತ ಚೀಟಿ. ಹಸಿ ಭಾಗವನ್ನು ನೆಲಕ್ಕೆ ಸುರಿಸಿ, ರಾಶಿಯ ನಾಲ್ಕು ಕಡೆಯಿಂದ ಸ್ವಲ್ಪಸ್ವಲ್ಪ ತೆಗೆದು 20 ಕಿಲೋ ಕ್ರೇಟು ತುಂಬುವುದು. ಅದರಲ್ಲಿ ಕೊಳೆಯದ ವಸ್ತು ಆರಿಸಿ ತೂಗುವುದು. 2 ಕಿಲೋಗಿಂತ ಜಾಸ್ತಿ ಬಂದರೆ ಆ ಟ್ರಿಪ್ ಬೆರಕೆ. ಈ ಹತ್ತನೇ ಒಂದು ಅನ್ನೋ ಗೆರೆ ನಾವೇ ಎಳೆದುಕೊಂಡದ್ದು. ಎಲ್ಲಿ ಎಳೆದಿರಿ ಅನ್ನೋದಕ್ಕಿಂತ ಅದನ್ನು ತಿಂಗಳಿಂದ ತಿಂಗಳಿಗೆ ಅಲುಗಾಡಿಸದಿರುವುದು ಮುಖ್ಯ. ಟ್ರಿಪ್ಪುಗಳ ತೂಕ ಹೆಚ್ಚುಕಡಿಮೆ ಒಂದೇ ಆದ್ದರಿಂದ ಟನ್ ಬದಲು ಟ್ರಿಪ್ಪುಗಳನ್ನೇ ಎಣಿಸಿದೆವು.

ತಿಂಗಳಲ್ಲಿ 78 ಟ್ರಿಪ್ ನೋಡಿದೆವು, ಪಾಸಾದದ್ದು 24. ಶೇಕಡಾ 31.

ಬಾಗಿಲಲ್ಲಿ 64, ಗೇಟಿನಲ್ಲಿ 31. ಈ ನಡುವಿನ ಕಂದಕದಿಂದಲೇ ಏನು ಮಾಡಬೇಕು ಅಂತ ಗೊತ್ತಾಯಿತು. 64 ಮಾತ್ರ ಇದ್ದಿದ್ದರೆ ಇನ್ನೊಂದು ಸುತ್ತು ಕರಪತ್ರ ಹಂಚುತ್ತಿದ್ದರು. 31 ಮಾತ್ರ ಇದ್ದಿದ್ದರೆ ಜನರನ್ನು ಬೈಯುತ್ತಿದ್ದರು. ಎರಡೂ ಪಕ್ಕಪಕ್ಕ ಇದ್ದಾಗ ತೊಂದರೆ ಗಾಡಿಯಲ್ಲಿದೆ ಅನ್ನೋದು ಕಣ್ಣಿಗೆ ಕಾಣುತ್ತದೆ. ತಗಡನ್ನು ಹಸಿ ಕಡೆಗೆ ಸರಿಸಿ ಒಣ ಭಾಗ ದೊಡ್ಡದು ಮಾಡಿದರು. ಗಾಡಿಯ ಹಿಂದೆ ಬಲೆಯ ದೊಡ್ಡ ಚೀಲ ನೇತುಹಾಕಿದರು. ಅಂಗಡಿ ಸಾಲಿನ ರಟ್ಟನ್ನು ಬೆಳಿಗ್ಗೆಯ ರೂಟಿನಿಂದ ತೆಗೆದು ಮಧ್ಯಾಹ್ನದ ಒಂದು ಟ್ರಿಪ್ಪಿಗೆ ಹಾಕಿದರು.

ಮೂರನೆಯದು ಸಂಸ್ಕರಣೆ. ಇಲ್ಲಿ 100 ಬಂದದ್ದು ಹೇಗೆ ಅಂದರೆ, ಘಟಕದ ಗೇಟು ದಾಟಿದ್ದೆಲ್ಲ ಸಂಸ್ಕರಣೆ ಆಯಿತು ಅಂತ. ಗೇಟಿನ ಒಳಗೆ ಹಿಂಭಾಗದಲ್ಲಿ ಒಂದು ಗುಡ್ಡ ಬೆಳೆಯುತ್ತಿತ್ತು. ಅದು ಯಾವ ರಿಜಿಸ್ಟರ್‌ನಲ್ಲೂ ಇರಲಿಲ್ಲ.

ತೂಗಿದ ಅದೇ ವಾರದ 46.2 ಟನ್ನನ್ನು ಹಿಂಬಾಲಿಸಿದೆವು. ಕಾಂಪೋಸ್ಟ್ ರಾಶಿಗೆ ಹೋದದ್ದು 21.0 ಟನ್. ಒಣ ಕಸದ ಶೆಡ್ಡಿಗೆ 6.5. ಹಿಂದಿನ ಗುಡ್ಡಕ್ಕೆ 18.7. ಕೂಡಿದರೆ 46.2 ಸರಿಹೋಗುತ್ತದೆ. ಇಲ್ಲಿಗೇ ನಿಂತರೂ 27.5 ಟನ್, ಶೇಕಡಾ 60 ಅನ್ನಬಹುದು. ಆದರೆ ಕಾಂಪೋಸ್ಟ್ ಜರಡಿ ಹಿಡಿದಾಗ ಮೇಲೆ ಉಳಿಯುವ ಪ್ಲಾಸ್ಟಿಕ್ಕು, ಬಟ್ಟೆ, ಚಪ್ಪಲಿ ಮತ್ತೆ ಗುಡ್ಡಕ್ಕೇ ಹೋಗುತ್ತದೆ. ಅದು 3.6 ಟನ್. ಶೆಡ್ಡಿನ ಒಣ ಕಸದಲ್ಲಿ ಗುಜರಿಗೆ ಮಾರಿದ್ದು ಮತ್ತು ಹೊರಗೆ ಕಳಿಸಿದ್ದು 3.4 ಟನ್, ಉಳಿದದ್ದು ಅಲ್ಲೇ ಕೂತಿದೆ. ಕೂತದ್ದು ಸಂಸ್ಕರಣೆ ಅಲ್ಲ, ದಾಸ್ತಾನು. ಆದ್ದರಿಂದ 21.0ರಲ್ಲಿ 3.6 ಕಳೆದು 3.4 ಕೂಡಿಸಿದರೆ 20.8 ಟನ್. ಶೇಕಡಾ 45.

ಮಾರಿದ ಗೊಬ್ಬರದ ತೂಕವನ್ನೇ ಸಂಸ್ಕರಣೆ ಅಂತ ತೋರಿಸಿದರೆ ಆಗಲ್ವಾ ಅಂತ ನಿರೀಕ್ಷಕರು ಕೇಳಿದರು. ಆಗುವುದಿಲ್ಲ, ಅದು ಇನ್ನೊಂದು ಕಡೆಗೆ ತಪ್ಪುತ್ತದೆ. ಕೊಳೆಯುವಾಗ ನೀರು ಆವಿಯಾಗಿ, ಒಂದಷ್ಟು ಭಾಗ ಗಾಳಿಯಾಗಿ ಹೋಗುತ್ತದೆ. ಹಾಕಿದ್ದರಲ್ಲಿ ಐದನೇ ಒಂದು ಪಾಲಿನಷ್ಟು ಗೊಬ್ಬರ ಬಂದರೆ ಹೆಚ್ಚು. ಘಟಕ ಎಷ್ಟೇ ಚೆನ್ನಾಗಿ ನಡೆದರೂ ಅಂಕಿ ಪಾತಾಳದಲ್ಲಿ ಕಾಣುತ್ತದೆ.

ಒಂದು ತೊಡಕು ಉಳಿಯಿತು. ಈ ವಾರ ಜರಡಿ ಹಿಡಿದದ್ದು ಈ ವಾರದ ಕಸವಲ್ಲ, ಸುಮಾರು ನಲವತ್ತು ದಿನ ಹಿಂದಿನದು. ಹಾಗಾಗಿ ವಾರದ ಸಂಸ್ಕರಣೆ ಅಂಕಿ ಎಂದರೆ ಎರಡು ಬೇರೆ ಕಾಲಗಳನ್ನು ಬೆರೆಸಿದ ಹಾಗೆ. ಒಣ ಕಸವೂ ಲಾರಿ ತುಂಬಿದ ದಿನ ಒಮ್ಮೆಗೇ ಹೋಗುತ್ತದೆ, ಆ ವಾರ ಅಂಕಿ ಜಿಗಿಯುತ್ತದೆ. ಇದಕ್ಕೆ ಈ ಅಂಕಿಯನ್ನು ವಾರಕ್ಕೆ ತೋರಿಸುವುದೇ ಬೇಡ, ಕಳೆದ ಮೂರು ತಿಂಗಳ ಮೊತ್ತದ ಮೇಲೆ ತೋರಿಸೋಣ ಅಂತ ಮಾಡಿದೆವು. ಮೊದಲ ಮೂರು ತಿಂಗಳು ತುಂಬುವವರೆಗೆ ಆ 45ರ ಪಕ್ಕದಲ್ಲಿ "ಒಂದು ವಾರದ ತೂಕ" ಅಂತ ಬರೆದಿಟ್ಟೆವು.

ಮೂರೂ ಅಂಕಿ ಒಟ್ಟಿಗೆ ಇಟ್ಟಾಗ ಮೇಡಂ ಒಂದು ಒಳ್ಳೆಯ ಪ್ರಶ್ನೆ ಕೇಳಿದರು. "ಗೇಟಿನಲ್ಲಿ ಬೇರೆಯಾಗಿ ಬಂದದ್ದೇ 31, ಮತ್ತೆ 45 ಸಂಸ್ಕರಣೆ ಹೇಗಾಯ್ತು?" ಲೆಕ್ಕ ತಪ್ಪಿದೆ ಅಂದುಕೊಂಡಿದ್ದರು. ತಪ್ಪಿರಲಿಲ್ಲ. ಘಟಕದಲ್ಲಿ ಐದು ಮಂದಿ ಹೆಂಗಸರು ಬೆರಕೆ ಕಸದ ಮುಂದೆ ಕುಕ್ಕರಗಾಲಲ್ಲಿ ಕೂತು ದಿನವಿಡೀ ಕೈಯಲ್ಲಿ ಆರಿಸುತ್ತಾರೆ. ನಡುವಿನ 14 ಅವರ ಕೈಕೆಲಸ. ಗಾಡಿಯಲ್ಲಿ ಬೆರೆಸಿದ್ದನ್ನು ಅವರು ಬಿಡಿಸುತ್ತಿದ್ದರು. ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರಿಗೆ ಆರಿಸಲು ಮೇಜು ಮಾಡಿಸಲು ಹೇಳಿದರು.

ಡ್ಯಾಶ್‌ಬೋರ್ಡ್ ಅಂದರೆ ಏನೋ ದೊಡ್ಡದಲ್ಲ, ಒಂದು ಸ್ಪ್ರೆಡ್‌ಶೀಟ್. ಮೂರು ಹಾಳೆ ಅಂಕಿ ತುಂಬಲು: mane, gate, ghataka. ನಾಲ್ಕನೆಯದು ತೋರಿಸಲು. mane ಹಾಳೆಯಲ್ಲಿ A ಕಾಲಂ ದಿನಾಂಕ, B ವಾರ್ಡು, C ಮನೆ ಸಂಖ್ಯೆ, D ನಿನ್ನೆ ಕೊಟ್ಟರಾ, E ಬಕೆಟ್ ಬೇರೆ ಇತ್ತಾ. ತೋರಿಸುವ ಹಾಳೆಯಲ್ಲಿ B1, B2 ತಿಂಗಳ ಮೊದಲ ಮತ್ತು ಕೊನೆಯ ದಿನ. ಹೌದು ಅಂದವರನ್ನು ಎಣಿಸುವುದು B5ರಲ್ಲಿ, ಇಲ್ಲ ಅಂದವರನ್ನು B6ರಲ್ಲಿ:

```
B5: =COUNTIFS(mane!D:D,"Y",mane!A:A,">="&B1,mane!A:A,"<="&B2)
B6: =COUNTIFS(mane!D:D,"N",mane!A:A,">="&B1,mane!A:A,"<="&B2)
B7: =B5/(B5+B6)
```

ಛೇದಕ್ಕೆ ಒಟ್ಟು ಸಾಲು ಎಣಿಸದೆ Y ಮತ್ತು N ಕೂಡಿಸಿದ್ದು ಬೇಕೆಂದೇ. ಖಾಲಿ ಬಿಟ್ಟ ಸಾಲು ಇಲ್ಲ ಅಂತ ಎಣಿಕೆಯಾಗಬಾರದು. ಎಷ್ಟು ಸಾಲು ಖಾಲಿ ಅನ್ನೋದನ್ನು ಬೇರೆ ಒಂದು ಕೋಶದಲ್ಲಿ ತೋರಿಸುತ್ತೇವೆ. ಅದು ಏರಿದರೆ ಯಾರೋ ಸಂಜೆ ಮತ್ತೆ ಹೋಗುತ್ತಿಲ್ಲ ಅಂತ ಅರ್ಥ.

ತೋರಿಸುವ ಪುಟದಲ್ಲಿ ದೊಡ್ಡ ಅಕ್ಷರದ ಅಂಕಿ, ಅದರ ಕೆಳಗೆ ಸಣ್ಣದಾಗಿ ಎಷ್ಟರಲ್ಲಿ ಎಷ್ಟು: 920ರಲ್ಲಿ 690, 78ರಲ್ಲಿ 24. ಪಕ್ಕದಲ್ಲಿ ಹನ್ನೆರಡು ತಿಂಗಳ ಗೆರೆ. ಕಾರಿನ ಮೀಟರ್ ತರದ ಚಿತ್ರಗಳನ್ನು ನಾನು ಹಾಕಲಿಲ್ಲ. ಕಳೆದ ತಿಂಗಳು ಎಷ್ಟಿತ್ತು ಅನ್ನೋದು ಅವು ಹೇಳುವುದಿಲ್ಲ. ಕೆಂಪು-ಹಸಿರು ಬಣ್ಣವನ್ನೂ ಬಿಟ್ಟೆ. 920 ಮನೆಯ ಮಾದರಿಯಲ್ಲಿ ಎರಡು ಮೂರು ಅಂಕದ ಏರಿಳಿತ ಬರೀ ಆಕಸ್ಮಿಕ. 78 ಟ್ರಿಪ್ಪಿನಲ್ಲಿ ಅದು ಹತ್ತರವರೆಗೂ ಹೋಗಬಹುದು. 76ರಿಂದ 74ಕ್ಕೆ ಇಳಿದಾಗ ಕೆಂಪು ಬಣ್ಣ ಬಂದರೆ ಯಾರದೋ ತಲೆ ಸುಮ್ನೆ ಹೋಗುತ್ತದೆ.

ಇದನ್ನು ಹೇಳಿಯೂ ಒಂದು ತಪ್ಪಿಗೆ ಒಪ್ಪಿಕೊಂಡೆ. ವಾರ್ಡುವಾರು ಪಟ್ಟಿ ಬೇಕೇ ಬೇಕು ಅಂತ ಸದಸ್ಯರು ಹಿಡಿದರು. ವಾರ್ಡಿಗೆ ತಿಂಗಳಿಗೆ ನಲವತ್ತು ಮನೆ, ಅದರಲ್ಲಿ ಹದಿಮೂರು ಅಂಕ ಆಚೀಚೆ ಆಗಬಹುದು. ಮೊದಲು ಯಾರು, ಕೊನೆ ಯಾರು ಅಂತ ಹೇಳಲಾಗದ ಪಟ್ಟಿ ಅದು. ಆದರೂ ಗೋಡೆಗೆ ಅಂಟಿಸಿದೆವು. ಮುಂದಿನ ತಿಂಗಳೇ ಎರಡು ವಾರ್ಡು 100ಕ್ಕೆ ಹೋದವು. ಹಾಳೆ ತೆಗೆದು ನೋಡಿದರೆ ಹತ್ತು ಮನೆಯ ಉತ್ತರ ಒಂದೇ ಪೆನ್ನು, ಒಂದೇ ಒತ್ತು, ಎಲ್ಲೂ ಬೀಗದ ಮನೆ ಇಲ್ಲ. ಬೀಗವೇ ಇಲ್ಲದ ವಾರ್ಡು ಇರುವುದಿಲ್ಲ. ಪಟ್ಟಿ ಕಿತ್ತೆವು. ಮೇಸ್ತ್ರಿಗಳು ತಮ್ಮ ವಾರ್ಡು ಬಿಟ್ಟು ಇನ್ನೊಬ್ಬರ ವಾರ್ಡಿನಲ್ಲಿ ಕೇಳುವ ಹಾಗೆ ಮಾಡಿದೆವು. ಹತ್ತರಲ್ಲಿ ಒಂದು ಮನೆಗೆ ಅದೇ ದಿನ ನಾನೋ ನಿರೀಕ್ಷಕರೋ ಮತ್ತೆ ಹೋಗುತ್ತೇವೆ. ಬದಲಿಗೆ, ಇಲ್ಲ ಅಂದ ಮನೆಗಳನ್ನು ಕಾರಣದ ಪ್ರಕಾರ ಗುಂಪು ಮಾಡಿ ತೋರಿಸಿದೆವು. ಟಿಪ್ಪರ್ ನುಗ್ಗದ ಗಲ್ಲಿ, ಊರಂಚಿನ ಹೊಸ ಲೇಔಟು, ಗಾಡಿ ಬರುವ ಮೊದಲೇ ಬೀಗ ಹಾಕುವ ಮಹಡಿ ಮನೆ. ಗಲ್ಲಿಗಳಿಗೆ ತಳ್ಳುಗಾಡಿ ಕಳಿಸಿದರು, ಹೊಸ ಲೇಔಟನ್ನು ಒಂದು ರೂಟಿಗೆ ಸೇರಿಸಿದರು. ಮಹಡಿ ಮನೆಗಳದ್ದು ಇನ್ನೂ ಬಗೆಹರಿದಿಲ್ಲ.

ಮೂರು ತಿಂಗಳ ನಂತರ ಮತ್ತೊಂದು ತೂಕದ ವಾರ ಮಾಡಿದೆವು. ಸಂಗ್ರಹ 920ರಲ್ಲಿ 782, ಅಂದರೆ 85. ಬಾಗಿಲ ವಿಂಗಡಣೆ 66, ಅಂದರೆ ಇದ್ದಲ್ಲೇ ಇದೆ. ಗೇಟಿನದು 78ರಲ್ಲಿ 40, ಅಂದರೆ 51. ಜನ ಬದಲಾಗಲಿಲ್ಲ, ಗಾಡಿ ಬದಲಾಯಿತು. ವಾರದ ಕಸ 51.8 ಟನ್, ಅದರಲ್ಲಿ ನಿಜಕ್ಕೂ ಸಂಸ್ಕರಣೆಯಾದದ್ದು 28.9, ಶೇಕಡಾ 56.

ವರದಿಯಲ್ಲಿ ಹಳೆಯ ನೂರರ ಜಾಗದಲ್ಲಿ 85 ಬರೆಯುವಾಗ ಮೇಡಂ ಪೆನ್ನು ಹಿಡಿದು ಯೋಚಿಸಿದ್ದು ನಿಜ. 2008ರ ಆ ಮಾನದಂಡಗಳಲ್ಲಿ ಅಂಕಿಯ ಜೊತೆ ಅದು ಎಷ್ಟು ನಂಬಿಕೆಯದು ಅಂತ ಎ ಇಂದ ಡಿ ವರೆಗೆ ದರ್ಜೆ ಕೊಡುವ ಪದ್ಧತಿಯೂ ಇದೆ. ಹಳೆಯ ನೂರಕ್ಕೆ ಡಿ ಕೊಟ್ಟು, ಛೇದ ಬದಲಾಗಿದೆ ಅಂತ ಒಂದು ಸಾಲು ಟಿಪ್ಪಣಿ ಹಾಕಿ ಕಳಿಸಿದರು. ಇಲ್ಲದಿದ್ದರೆ ಓದುವವರು ಊರು ಕೆಟ್ಟಿತು ಅಂದುಕೊಳ್ಳುತ್ತಿದ್ದರು.

ಈಗ ನಮ್ಮ ಲೆಕ್ಕಕ್ಕೆ ಸಿಗದೆ ಓಡಾಡುತ್ತಿರುವುದು ಒಂದು ಟ್ರ್ಯಾಕ್ಟರ್. ಬೇಸಿಗೆಯಲ್ಲಿ ಎಳನೀರು ಬುರುಡೆ ರಾಶಿ ಬೀಳುತ್ತದೆ. ಅದನ್ನು ಟಿಪ್ಪರ್‌ಗೆ ಹಾಕುವುದಿಲ್ಲ, ಟ್ರ್ಯಾಕ್ಟರ್ ಬಂದು ಬೇರೆ ತುಂಬಿಕೊಂಡು ಯಾವುದೋ ತೋಟಕ್ಕೆ ಮುಚ್ಚಿಗೆಗೆ ಸುರಿದು ಬರುತ್ತದೆ. ಅದು ಗೇಟು ದಾಟುವುದೇ ಇಲ್ಲ. ಸಂಗ್ರಹಕ್ಕೆ ಸೇರಿಸಿದರೆ ಸಂಸ್ಕರಣೆಗೂ ಸೇರಿಸಬೇಕು, ಸೇರಿಸಿದರೆ 56 ಅನ್ನೋದು ಬೇಸಿಗೆಯಲ್ಲಿ ಮೇಲೇರಿ ಮಳೆಗಾಲದಲ್ಲಿ ಇಳಿಯುತ್ತದೆ, ಘಟಕದಲ್ಲಿ ಏನೂ ಬದಲಾಗದೆ. ಸದ್ಯಕ್ಕೆ ಅದಕ್ಕೆ ಪುಟದ ಕೆಳಗೆ ಬೇರೆ ಸಾಲು ಕೊಟ್ಟಿದ್ದೇವೆ, ಟ್ರಿಪ್ ಎಣಿಕೆ ಮಾತ್ರ. ಮುಂದಿನ ತೂಕದ ವಾರ ಟ್ರ್ಯಾಕ್ಟರನ್ನೂ ವೇಬ್ರಿಡ್ಜ್ ಮೇಲೆ ಹತ್ತಿಸಬೇಕು.